ಸಹಾಯ ಬೇಕು: ಮೆಣಸಿನಕಾಯಿ ಕಣದಲ್ಲಿ ನಡು ಮಧ್ಯಾಹ್ನದ ಚಿತ್ರೀಕರಣ

ಬ್ಯಾಡಗಿ ಕಡೆಯ ಕಣವೊಂದರಲ್ಲಿ ಮೆಣಸಿನಕಾಯಿ ಒಣಗಿಸುವ ಅಜ್ಜಿಯ ಕುರಿತು ಕಿರುಚಿತ್ರ ಮಾಡುತ್ತಿದ್ದೇನೆ. ಅವರು ಕಾಯಿ ತಿರುವಿ ಹಾಕುವುದೇ ಹನ್ನೆರಡರ ಬಿಸಿಲಿನಲ್ಲಿ. ಸಂಜೆ ಮಾಡೋಣವೇ ಎಂದರೆ ನಗುತ್ತಾರೆ.

ಮೊದಲ ದಿನ ಕಣ್ಣುಗಳು ಕಪ್ಪು ಗುಳಿಗಳಾಗಿ ಕಂಡವು, ಮೂಗಿನ ನೆರಳು ತುಟಿಯವರೆಗೂ ಇಳಿದಿತ್ತು. ಸೆಕೆಂಡಿಗೆ 25 ಫ್ರೇಮ್, ಶಟರ್ 1/50, ಐಎಸ್‌ಒ 100, ಅಪರ್ಚರ್ ಎಫ್ 2.8 ಬೇಕಿದ್ದರಿಂದ ಆರು ಸ್ಟಾಪ್ ತಗ್ಗಿಸುವ ಎನ್‌ಡಿ 64 ಫಿಲ್ಟರ್ ಹಾಕಿದೆ. ಎಕ್ಸ್‌ಪೋಷರ್ ಸರಿಹೋಯಿತು, ನೆರಳು ಮಾತ್ರ ಹಾಗೆಯೇ ಉಳಿಯಿತು. ಫಿಲ್ಟರ್ ಬಿಸಿಲು, ನೆರಳು ಎರಡನ್ನೂ ಒಂದೇ ಅಳತೆಯಲ್ಲಿ ತಗ್ಗಿಸುತ್ತದೆ ಎಂಬುದು ಹೊಳೆದದ್ದು ಮನೆಗೆ ಬಂದ ಮೇಲೆ!

ಮರುದಿನ ಬೇವಿನ ಮರದಡಿ ಕೂರಿಸಿದೆ. ಮುಖ ಮೃದುವಾಯಿತು, ಆದರೆ ಮುಖಕ್ಕೆ ಎಕ್ಸ್‌ಪೋಷರ್ ಹೊಂದಿಸಿದರೆ ಹಿಂದಿನ ಕಣವೆಲ್ಲ ಬಿಳಿಚಿಕೊಂಡಿತು. ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆಗಳೂ ಕೆನ್ನೆಯ ಮೇಲೆ ಕುಣಿದವು.

ಕೊನೆಗೆ ಒಂದು ಮೀಟರಿನ ಮಡಚುವ ಡಿಫ್ಯೂಸರನ್ನು ಗೆಳೆಯ ಅವರ ತಲೆಯ ಮೇಲೆ ಹಿಡಿದ. ಹತ್ತಿರದ ಶಾಟ್‌ಗೆ ಇದೇ ಚೆನ್ನಾಗಿ ಬಂತು, ಹಿನ್ನೆಲೆಯೂ ಅಷ್ಟಾಗಿ ಸುಡಲಿಲ್ಲ. ಹೊಸ ತೊಂದರೆಯೆಂದರೆ, ಮೇಲಿನ ಬೆಳಕು ತಗ್ಗಿದ ಕೂಡಲೇ ನೆಲದ ಮೆಣಸಿನಕಾಯಿಯ ಕೆಂಪು ಗಲ್ಲದ ಕೆಳಗೆ ಎದ್ದು ಕಾಣುತ್ತದೆ.

ಕೆಂಪನ್ನು ತಡೆಯಲು ಚೌಕಟ್ಟಿನ ಹೊರಗೆ ಬಿಳಿ ಪಂಚೆ ಹಾಸಿದರೆ ಸಾಕೇ, ಕಪ್ಪು ಬಟ್ಟೆಯೇ ಬೇಕೇ? ನಡೆದಾಡುವ ದೂರದ ಶಾಟ್‌ಗಳಿಗೆ ಡಿಫ್ಯೂಸರ್ ಬಿಟ್ಟು, ಸೂರ್ಯ ಅವರ ಬೆನ್ನಿಗಿರುವಂತೆ ನಿಲ್ಲುವುದು ಒಳ್ಳೆಯದೇ? ಭಾನುವಾರ ಮತ್ತೆ ಹೋಗುತ್ತಿದ್ದೇನೆ, ಅಷ್ಟರೊಳಗೆ ತಿಳಿದವರು ಹೇಳಿ.