ಅಣ್ಣನಿಗೆ ಬರೆದ ಪತ್ರ ಸುಡಬೇಕೋ, ಇಟ್ಟುಕೊಳ್ಳಬೇಕೋ?

ನಮಸ್ಕಾರ, ನಾನು ಬಾಗಲಕೋಟೆ ನವನಗರದವಳು. ಮುಳುಗಡೆ ಪರಿಹಾರದಲ್ಲಿ ನನ್ನ ಪಾಲು ಕೊಡದೆ ಅಣ್ಣ ಮಾತು ಬಿಟ್ಟಿದ್ದಾನೆ. ಕಳಿಸದ ಪತ್ರ ಬರೆಯಿರಿ, ದಿನಕ್ಕೆ 20 ನಿಮಿಷ, ನಾಲ್ಕು ದಿನ ಎಂದು ಆಪ್ತಸಮಾಲೋಚಕಿ ಹೇಳಿದರು. ಮೊಬೈಲಿನಲ್ಲಿ ಬೇಡ, ಸಿಟ್ಟಿನಲ್ಲಿ ಬೆರಳು ತಾಗಿದರೆ ಹೋಗಿಬಿಡುತ್ತದೆ ಅಂದರು.

ಮೊದಲ ರಾತ್ರಿ ಬರೀ ಬೈಗುಳ. ಬರೆದ ಮೇಲೆ ಮನಸ್ಸು ಇನ್ನೂ ಕೆಟ್ಟಿತು. ಸ್ವಲ್ಪ ಹೊತ್ತು ಹಾಗಾಗುವುದು ಸಹಜವಂತೆ. ದಿನಗಟ್ಟಲೆ ಇಳಿಯದಿದ್ದರೆ ಮಾತ್ರ ಬರೆಯುವುದನ್ನು ನಿಲ್ಲಿಸಬೇಕಂತೆ. ಮೂರನೇ ರಾತ್ರಿ ಒಂದು ಸಾಲಿಗೆ ಪೆನ್ನು ನಿಂತಿತು: "ಅವ್ವನ ದಿನಕರ್ಮ ಮುಗಿಯುವ ಮೊದಲೇ ಸಹಿ ಹಾಕಿಸಿಕೊಂಡೆಯಲ್ಲ." ನೋವು ದುಡ್ಡಿನದಲ್ಲ, ಇದರದು ಅಂತ ಆಗ ಗೊತ್ತಾಯಿತು.

ಈಗ ಹನ್ನೊಂದು ಹಾಳೆ ಟ್ರಂಕಿನಲ್ಲಿ, ಸೀರೆಗಳ ಕೆಳಗಿವೆ. ಮಗಳು ಓದಿಬಿಟ್ಟರೆ ಅನ್ನೋ ಭಯ. ಬಚ್ಚಲ ಒಲೆಗೆ ಹಾಕೋಣವೆಂದರೆ, ಸಹಿಯ ತಾರೀಖು, ಮೊತ್ತ ಎಲ್ಲ ಅದರಲ್ಲೇ ಇದೆ. ಮುಂದೆ ವಕೀಲರ ಹತ್ತಿರ ಹೋದರೆ ಬೇಕಲ್ವಾ? ಅಷ್ಟನ್ನು ಬೇರೆ ಹಾಳೆಗೆ ಇಳಿಸಿಕೊಂಡು ಉಳಿದದ್ದು ಸುಡಬೇಕು ಅಂದುಕೊಂಡಿದ್ದೇನೆ. ಆದರೆ ಆ ಒಂದು ಸಾಲನ್ನು ಸುಡಲು ಕೈ ಬರುತ್ತಿಲ್ಲ.

ಹೀಗೆ ಬರೆದವರು ಯಾರಾದರೂ ಇದ್ದೀರಾ? ಸುಟ್ಟ ಮೇಲೆ ಹಳಹಳಿ ಆಯಿತಾ?