ಸ್ಟೇಟಸ್ ಹಸಿರು, ರೆಕಾರ್ಡ್ ಸೊನ್ನೆ: ಲೀಡ್‌ಗೆ ಏನಂತ ಬರೆಯಲಿ?

ಪ್ರಶ್ನೆ (ಕೆಲಸಕ್ಕೆ ಸೇರಿ 8 ತಿಂಗಳು)

ನಮ್ಮದು ಅಂಗಡಿಗಳ ಬಿಲ್ಲಿಂಗ್ ಡೇಟಾ ನೋಡಿಕೊಳ್ಳುವ ಚಿಕ್ಕ ಟೀಮ್. ದಿನಾ ರಾತ್ರಿ 2 ಗಂಟೆಗೆ ಒಂದು ಇಂಪೋರ್ಟ್ ಓಡುತ್ತದೆ, ಹಿಂದಿನ ದಿನದ ಮಾರಾಟವನ್ನು ಟೇಬಲ್‌ಗೆ ತುಂಬುತ್ತದೆ. ಇವತ್ತು ನೋಡಿದರೆ ಸ್ಟೇಟಸ್ ಹಸಿರು, ಆದರೆ ರೆಕಾರ್ಡ್ ಸೊನ್ನೆ. ಲೀಡ್‌ಗೆ ಚಿಕ್ಕದಾಗಿ ಬರೆದು ತಿಳಿಸಬೇಕು. ಹೀಗೆ ಬರೆದುಕೊಂಡಿದ್ದೇನೆ, ಸರಿ ಇದೆಯಾ? "ಮೇಡಂ, ನಿನ್ನೆ ರಾತ್ರಿ ಇಂಪೋರ್ಟ್ ಫೇಲ್ ಆಗಿದೆ. ವೆಂಡರ್ ಡೇಟಾ ಕಳಿಸಿಲ್ಲ ಅನಿಸುತ್ತದೆ. ನೋಡುತ್ತಿದ್ದೇನೆ."

ಡೇಟಾ ಎಂಜಿನಿಯರ್, ಮೈಸೂರು (14 ವರ್ಷದಿಂದ ಇದೇ ಕೆಲಸ)

ಕಳಿಸಬೇಡಿ, ಹತ್ತು ನಿಮಿಷ ತಡೆಯಿರಿ. ಮೂರು ವಾಕ್ಯ ಬರೆದಿದ್ದೀರಿ. ಮೊದಲನೆಯದು ತಪ್ಪು, ಎರಡನೆಯದು ಊಹೆ, ಮೂರನೆಯದರಲ್ಲಿ ಏನೂ ಇಲ್ಲ.

ಫೇಲ್ ಆಗಿದ್ದರೆ ಅಲಾರಂ ಬಂದಿರುತ್ತಿತ್ತು. ಇಲ್ಲಿ ಜಾಬ್ ತನ್ನ ಕೆಲಸ ಮುಗಿಯಿತು ಅಂದುಕೊಂಡು ನೆಮ್ಮದಿಯಾಗಿ ಮಲಗಿದೆ, ತೊಂದರೆ ಇರುವುದೇ ಅಲ್ಲಿ. "ಫೇಲ್" ಅಂತ ಬರೆದರೆ ನಿಮ್ಮ ಲೀಡ್ ಎರರ್ ಹುಡುಕಲು ಕೂರುತ್ತಾರೆ, ಎರರ್ ಸಿಗುವುದಿಲ್ಲ. "ಓಡಿದೆ, ಆದರೆ ಒಂದು ರೆಕಾರ್ಡೂ ಒಳಗೆ ಬಂದಿಲ್ಲ" ಅನ್ನಿ.

ಆಮೇಲೆ ವೆಂಡರ್. ಸೊನ್ನೆ ಅಂದರೆ ಒಂದೇ ಅರ್ಥ ಅಲ್ಲ. ಫೈಲೇ ಬಂದಿಲ್ಲದಿರಬಹುದು. ಬಂದರೂ ಅದರಲ್ಲಿ ತಲೆಸಾಲು ಬಿಟ್ಟು ಬೇರೇನೂ ಇಲ್ಲದಿರಬಹುದು. ಅಥವಾ ತುಂಬಿದ ಫೈಲ್ ಅಲ್ಲೇ ಕೂತಿದ್ದು ನಿಮ್ಮ ಜಾಬ್ ಅದನ್ನು ನೋಡದೇ ಹೋಗಿರಬಹುದು. ಮೊದಲೆರಡು ಆಗಿದ್ದರೆ ವೆಂಡರ್‌ಗೆ ಫೋನ್ ಮಾಡಬೇಕು, ಮೂರನೆಯದಾದರೆ ನಾವೇ ತಲೆ ಕೆರೆದುಕೊಳ್ಳಬೇಕು. ಯಾವುದು ಅಂತ ಗೊತ್ತಿಲ್ಲದೆ ವೆಂಡರ್ ಹೆಸರು ಎತ್ತಿದರೆ, ಲೀಡ್ ಆ ಮೇಲ್ ಅನ್ನು ಹಾಗೇ ವೆಂಡರ್‌ಗೆ ಕಳಿಸುತ್ತಾರೆ, ಫೈಲ್ ಇಂಥ ಹೊತ್ತಿಗೇ ಇಟ್ಟಿದ್ದೇವೆ ಅಂತ ಅವರು ಪಟ ತೆಗೆದು ಕಳಿಸುತ್ತಾರೆ. ನನಗೆ ಒಮ್ಮೆ ಆಗಿದೆ, ಇವತ್ತಿಗೂ ನೆನೆದರೆ ಕಸಿವಿಸಿ.

ಹಾಗಾಗಿ ಈಗ ಎರಡೇ ನೋಡಿ. ಫೈಲ್ ಬರುವ ಫೋಲ್ಡರ್‌ನಲ್ಲಿ ಏನಿದೆ, ಎಷ್ಟು ದೊಡ್ಡದಿದೆ. ಲಾಗ್‌ನ ಕೊನೆಯ ಸಾಲಷ್ಟೇ ಅಲ್ಲ, ಅದರ ಮೇಲಿನ ಸಾಲುಗಳಲ್ಲಿ ಏನಿದೆ. ಇಲ್ಲಿ ಹಾಕಿ.

ಬ್ಯಾಕೆಂಡ್ ಡೆವಲಪರ್

ಇಷ್ಟೆಲ್ಲ ಯಾಕೆ? ಕೈಯಿಂದ ಒಮ್ಮೆ ಮತ್ತೆ ಓಡಿಸಿ. ಡೇಟಾ ಬಂತಾ, "ರೀರನ್ ಮಾಡಿದೆ, ಸರಿಹೋಯಿತು" ಅಂತ ಒಂದು ಸಾಲು ಹಾಕಿ. ಲೀಡ್‌ಗೂ ಅಷ್ಟೇ ಬೇಕಿರುವುದು.

ಕೇಳಿದವರು

ಮೇಡಂ, ಲಾಗ್ ಹೀಗಿದೆ.

```
2025-06-11 20:30:02 pattern: sales_20250611*.csv
2025-06-11 20:30:02 files matched: 0
2025-06-11 20:30:02 records processed: 0
2025-06-11 20:30:02 status: SUCCESS
```

ಫೋಲ್ಡರ್‌ನಲ್ಲಿ `sales_20250612.csv` ಅನ್ನುವ ಒಂದೇ ಫೈಲ್ ಇದೆ, 3 ಎಂಬಿ. ಆದರೆ ಅದರ ಸಮಯ Jun 11 19:40 ಅಂತ ತೋರಿಸುತ್ತಿದೆ. ನಿನ್ನೆ ಸಂಜೆಯದು ಅಲ್ವಾ? ಹಾಗಾಗಿ ಹಳೆಯ ಫೈಲ್ ಅಂದುಕೊಂಡೆ. ಇನ್ನೊಂದು ವಿಷಯ, ನಿನ್ನೆ ಸಂಜೆ ಈ ಜಾಬನ್ನು ಹೊಸ ಸರ್ವರ್‌ಗೆ ಸಾಗಿಸಿದ್ದಾರೆ.

ಡಿಬಿಎ, ಹುಬ್ಬಳ್ಳಿ

ಸಿಕ್ಕಿತು ನೋಡಿ. ಹೊಸ ಸರ್ವರ್ ಯುಟಿಸಿಯಲ್ಲಿದೆ. ನಮ್ಮ ಗಡಿಯಾರ 5 ಗಂಟೆ 30 ನಿಮಿಷ ಮುಂದೆ. ಆ 19:40 ಅಂದರೆ ನಮ್ಮ ಮಧ್ಯರಾತ್ರಿ ದಾಟಿ 1:10. ಫೈಲ್ ಹಳೆಯದಲ್ಲ, ಸಮಯಕ್ಕೆ ಸರಿಯಾಗಿ ಬಂದಿದೆ.

ಆದರೆ ಒಂದು ಕೂಡಿ ಬರುತ್ತಿಲ್ಲ. ಸರ್ವರ್ ಯುಟಿಸಿಯಲ್ಲಿದ್ದರೆ 2 ಗಂಟೆಯ ಜಾಬ್ ನಮ್ಮ ಬೆಳಗ್ಗೆ 7:30ಕ್ಕೆ ಓಡಬೇಕಿತ್ತು. ಆಗ ಯುಟಿಸಿಯಲ್ಲೂ 12ನೇ ತಾರೀಖೇ, ಫೈಲ್ ಸಿಗಬೇಕಿತ್ತು. ಹಾಗಾಗಿ ಇದು ಕಾರಣ ಅಲ್ಲ ಅನಿಸುತ್ತದೆ. ಫೈಲ್ ಹೆಸರು ಕೊಡುವುದರಲ್ಲಿ ವೆಂಡರ್ ಏನೋ ಬದಲಿಸಿದ್ದಾರೆ.

ಡೇಟಾ ಎಂಜಿನಿಯರ್, ಮೈಸೂರು

ಅರ್ಧ ಸರಿ ಹೇಳಿದಿರಿ. ವೆಂಡರ್ ಮೇಲೆ ಹಾಕಬೇಡಿ, ಪಾಪ. ಲಾಗ್‌ನಲ್ಲಿ 20:30 ಇದೆ, ಅಂದರೆ ನಮ್ಮ ರಾತ್ರಿ 2:00ಕ್ಕೇ ಓಡಿದೆ. ಕ್ರಾನ್‌ಟ್ಯಾಬ್‌ನ ತಲೆಯಲ್ಲಿ `CRON_TZ=Asia/Kolkata` ಇದೆಯಾ ನೋಡಿ.

ಕೇಳಿದವರು

ಹೌದು ಮೇಡಂ, ಇದೆ.

ಡೇಟಾ ಎಂಜಿನಿಯರ್, ಮೈಸೂರು

ಅದೇ. ಆ ಸಾಲು ಜಾಬನ್ನು ಎಷ್ಟು ಹೊತ್ತಿಗೆ ಎಬ್ಬಿಸಬೇಕು ಅನ್ನುವುದನ್ನು ಮಾತ್ರ ಹೇಳುತ್ತದೆ. ಎದ್ದ ಮೇಲೆ ಸ್ಕ್ರಿಪ್ಟ್ ನೋಡುವುದು ಸರ್ವರ್‌ನ ಗಡಿಯಾರವನ್ನೇ. ನಮ್ಮ 12ನೇ ತಾರೀಖು ರಾತ್ರಿ 2 ಗಂಟೆಗೆ ಎಬ್ಬಿಸಿದರು, ಎದ್ದು ಗೋಡೆ ನೋಡಿದರೆ ಅಲ್ಲಿ ಇನ್ನೂ 11ನೇ ತಾರೀಖು. 11ರ ಫೈಲ್ ಹುಡುಕಿತು. ಅದು ಹಿಂದಿನ ರಾತ್ರಿ ಹಳೆಯ ಸರ್ವರ್‌ನಲ್ಲೇ ಮುಗಿದು ಆರ್ಕೈವ್‌ಗೆ ಹೋಗಿದೆ. ಸಿಗಲಿಲ್ಲ, ಸೊನ್ನೆ, ಸಕ್ಸೆಸ್.

ಈಗ ರೀರನ್ ಮಾಡಿ ಅಂದವರಿಗೆ ಉತ್ತರ. ಈಗ ಬೆಳಗ್ಗೆ ಓಡಿಸಿದರೆ ಖಂಡಿತ ಡೇಟಾ ಬರುತ್ತದೆ. ನಮ್ಮ 5:30 ದಾಟಿದರೆ ಯುಟಿಸಿಯಲ್ಲೂ 12 ಆಗಿರುತ್ತದೆ, ಸ್ಕ್ರಿಪ್ಟ್ ಸರಿಯಾದ ಹೆಸರನ್ನೇ ಹುಡುಕುತ್ತದೆ. ನೀವು "ಸರಿಹೋಯಿತು" ಅಂತ ಬರೆಯುತ್ತೀರಿ. ಅಷ್ಟರಲ್ಲಿ 12ರ ಫೈಲ್ ಆರ್ಕೈವ್‌ಗೆ ಹೋಗಿರುತ್ತದೆ, ಇವತ್ತು ರಾತ್ರಿ ಜಾಬ್ ಮತ್ತೆ ಅದನ್ನೇ ಹುಡುಕುತ್ತದೆ, ಮತ್ತೆ ಸೊನ್ನೆ.

ಏನೂ ಮಾಡದೆ ಸುಮ್ನೆ ಬಿಟ್ಟರೆ ಇನ್ನೂ ಕೆಟ್ಟದ್ದು. ಇವತ್ತು ರಾತ್ರಿ 2ಕ್ಕೆ ಜಾಬ್ 12ರ ಫೈಲ್ ಹುಡುಕುತ್ತದೆ, ಅದು ಅಲ್ಲೇ ಬಿದ್ದಿರುತ್ತದೆ, ಎತ್ತಿಕೊಳ್ಳುತ್ತದೆ. ರೆಕಾರ್ಡ್ ಎಣಿಕೆ ಚೆನ್ನಾಗಿ ಬರುತ್ತದೆ. ಅಲ್ಲಿಂದ ಮುಂದೆ ದಿನಾ ಒಂದು ದಿನ ತಡ, ಮತ್ತೆ ಸೊನ್ನೆ ಬರುವುದೇ ಇಲ್ಲ. ಅಂದರೆ ತಪ್ಪು ಕಣ್ಣಿಗೆ ಬಿದ್ದಿದ್ದು ಈ ಒಂದೇ ರಾತ್ರಿ. ನೋಟ್‌ನಲ್ಲಿ ಇದು ಬರಲೇಬೇಕು.

ಬರೆಯುವ ಮೊದಲು ಟೇಬಲ್ ಒಮ್ಮೆ ನೋಡಿ, ಬೇರೆ ದಿನಗಳಲ್ಲಿ ತೂತು ಬಿದ್ದಿದೆಯಾ ಅಂತ.

```
select sale_date, count(*)
from sales
where sale_date >= '2025-06-07'
group by sale_date
order by sale_date;
```

ಕೇಳಿದವರು

7ರಿಂದ 10ರ ತನಕ ದಿನಕ್ಕೆ ಸುಮಾರು 41,000 ಸಾಲು. 11ರ ಸಾಲೇ ಇಲ್ಲ. 12ರ ಹೆಸರಿನ ಫೈಲ್‌ನಲ್ಲಿ 11ರ ಮಾರಾಟ ಇರುತ್ತದೆ, ಹಾಗಾಗಿ ಹೊಂದುತ್ತದೆ.

ಡೇಟಾ ಎಂಜಿನಿಯರ್, ಮೈಸೂರು

ಹಾಗಾದರೆ ಹೀಗೆ ಬರೆಯಿರಿ, ನಿಮ್ಮ ಮಾತಿಗೆ ಹೊಂದುವಂತೆ ತಿದ್ದಿಕೊಳ್ಳಿ:

> ಮೇಡಂ, ನಿನ್ನೆ ರಾತ್ರಿ 2ರ ಮಾರಾಟದ ಇಂಪೋರ್ಟ್ ಓಡಿದೆ, ಆದರೆ ಒಂದು ರೆಕಾರ್ಡೂ ಬಂದಿಲ್ಲ. ಜೂನ್ 11ರ ಮಾರಾಟ ಟೇಬಲ್‌ನಲ್ಲಿ ಇಲ್ಲ. 7ರಿಂದ 10ರ ತನಕದ್ದು ನೋಡಿದೆ, ಸರಿ ಇದೆ.
>
> ವೆಂಡರ್ ಫೈಲ್ 1:10ಕ್ಕೇ ಬಂದಿದೆ, ಫೋಲ್ಡರ್‌ನಲ್ಲಿದೆ. ಹೊಸ ಸರ್ವರ್ ಯುಟಿಸಿಯಲ್ಲಿರುವುದರಿಂದ ಸ್ಕ್ರಿಪ್ಟ್ ಹಿಂದಿನ ದಿನದ ಹೆಸರಿನ ಫೈಲ್ ಹುಡುಕಿದೆ.
>
> 10:30ಕ್ಕೆ ಕೈಯಿಂದ ಓಡಿಸಿ ಎಣಿಕೆ ತಿಳಿಸುತ್ತೇನೆ. ಅದರಿಂದ ನಿನ್ನೆಯದು ಮಾತ್ರ ಸರಿಹೋಗುತ್ತದೆ. ತಾರೀಖಿನ ಸಾಲು ಬದಲಿಸದಿದ್ದರೆ ಇವತ್ತು ರಾತ್ರಿ ಮತ್ತೆ ಸೊನ್ನೆ ಬರುತ್ತದೆ, ಅಲ್ಲಿಂದ ಮುಂದೆ ಎಣಿಕೆ ಸರಿ ಕಂಡರೂ ಡೇಟಾ ದಿನಾ ಒಂದು ದಿನ ತಡವಾಗಿರುತ್ತದೆ. ಆ ಬದಲಾವಣೆಯನ್ನು ಇವತ್ತೇ ಪ್ರೊಡಕ್ಷನ್‌ಗೆ ಹಾಕಲು ನಿಮ್ಮ ಒಪ್ಪಿಗೆ ಬೇಕು.

ಕೊನೆಯ ವಾಕ್ಯದಲ್ಲಿ ಲೀಡ್ ಏನು ಮಾಡಬೇಕು ಅನ್ನುವುದು ನೇರವಾಗಿ ಇದೆ, ಅದನ್ನು ಮಾತ್ರ ಕತ್ತರಿಸಬೇಡಿ. ಲಾಗ್ ನೋಟ್‌ನೊಳಗೆ ಅಂಟಿಸಬೇಡಿ, ಕೆಳಗೆ ಬೇರೆ ಹಾಕಿ, ಬೇಕಾದವರು ನೋಡಿಕೊಳ್ಳುತ್ತಾರೆ. ಸರ್ವರ್ ಸಾಗಿಸಿದವರ ಹೆಸರೂ ಬೇಡ. ಬದಲಿಸುವ ಸಾಲು ಇಷ್ಟೇ:

```
D=$(TZ=Asia/Kolkata date +%Y%m%d)
```

ಡಿಬಿಎ, ಹುಬ್ಬಳ್ಳಿ

`CRON_TZ` ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಒಂದು ಮಾತು ಸೇರಿಸುತ್ತೇನೆ: ಈ ಸಾಲನ್ನು ಸ್ಕ್ರಿಪ್ಟ್ ಫೈಲ್‌ನಲ್ಲೇ ಬದಲಿಸಿ, ಕ್ರಾನ್‌ಟ್ಯಾಬ್‌ನಲ್ಲಿ ನೇರವಾಗಿ ಬರೆಯಬೇಡಿ. ಅಲ್ಲಿ `%` ಗುರುತಿಗೆ ಬೇರೆ ಅರ್ಥ ಇದೆ, ಅದಕ್ಕೆ ಮೊದಲು `\` ಹಾಕದಿದ್ದರೆ ಕಮಾಂಡ್ ಅಲ್ಲೇ ತುಂಡಾಗುತ್ತದೆ. ಮತ್ತೆ ಕೈಯಿಂದ ಓಡಿಸುವ ಮೊದಲು, ಬಿಲ್ ನಂಬರ್ ಮೇಲೆ ಯುನೀಕ್ ಕೀ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ, ಗಾಬರಿಯಲ್ಲಿ ಇಬ್ಬರು ಒಂದೊಂದು ಸಲ ಓಡಿಸಿದರೂ ಮಾರಾಟ ದುಪ್ಪಟ್ಟು.

ಕ್ಯೂಎ, ಬೆಂಗಳೂರು

ನಮ್ಮಲ್ಲೂ ಇಂಥದ್ದು ಆದ ಮೇಲೆ, ಸೊನ್ನೆ ಬಂದರೆ ಜಾಬ್ ಫೇಲ್ ಆಗಲಿ ಅಂತ ಮಾಡಿಬಿಟ್ಟೆವು. ಇದನ್ನೂ ನೋಟ್‌ನಲ್ಲಿ ಸೇರಿಸಬಹುದು ಅಲ್ವಾ? ಆದರೆ ನಮಗೆ ಹಬ್ಬದ ದಿನ ಅಂಗಡಿ ಎಲ್ಲ ಮುಚ್ಚಿದ್ದು ತಲೆಸಾಲು ಮಾತ್ರ ಇರುವ ಫೈಲ್ ಬಂತು, ನಡುರಾತ್ರಿ ಎಲ್ಲರ ಫೋನೂ ಹೊಡೆದುಕೊಂಡಿತು. ಆಮೇಲೆ ಯಾರೋ ಅಲಾರಂ ಬಾಯಿ ಮುಚ್ಚಿಸಿದರು, ಇವತ್ತಿಗೂ ಹಾಗೇ ಇದೆ.

ಡೇಟಾ ಎಂಜಿನಿಯರ್, ಮೈಸೂರು

ಈ ನೋಟ್‌ಗೆ ಸೇರಿಸಬೇಡಿ, ಅದು ಬೇರೆ ಚರ್ಚೆ. ನಾನಾದರೆ `files matched: 0` ಬಂದರೆ ಕೂಗಿಸುತ್ತೇನೆ, ಫೈಲ್ ಇದ್ದು ಸಾಲು ಇಲ್ಲದಿದ್ದರೆ ಎಚ್ಚರಿಕೆ ಮಾತ್ರ ಕೊಡಿಸುತ್ತೇನೆ.

ಕ್ಯೂಎ, ಬೆಂಗಳೂರು

ತಲೆಸಾಲು ಮಾತ್ರ ಇರುವುದೂ ಎಷ್ಟೋ ಸಲ ವೆಂಡರ್ ಕಡೆಯ ತಪ್ಪೇ ಆಗಿರುತ್ತದೆ. ಬರೀ ಎಚ್ಚರಿಕೆ ಯಾರು ಓದುತ್ತಾರೆ ಮೇಡಂ? ನಾನು ಒಪ್ಪುವುದಿಲ್ಲ.

ಕೇಳಿದವರು

ಕಳಿಸಿದೆ. ಐದು ನಿಮಿಷಕ್ಕೆ ಲೀಡ್ ಫೋನ್ ಮಾಡಿದರು. ಬದಲಾವಣೆಗೆ ಓಕೆ ಅಂದರು. ಆಮೇಲೆ ಒಂದೇ ಪ್ರಶ್ನೆ: "ಬೆಳಗ್ಗೆ 6ಕ್ಕೆ ಗೋಡೌನ್‌ಗೆ ಹೋಗುವ ಆರ್ಡರ್ ಮೇಲ್ ಹೋಗಿದೆಯಾ?" ಅದು ಇದೇ ಟೇಬಲ್‌ನಿಂದ ಓದುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ನೋಡಿದೆ, ಹೋಗಿದೆ. ಟೇಬಲ್‌ನಲ್ಲಿ ಕೊನೆಯ ದಿನ ಯಾವುದೋ ಅದನ್ನು ಎತ್ತಿಕೊಳ್ಳುತ್ತದೆ, ಹಾಗಾಗಿ 10ರ ಮಾರಾಟದ ಲೆಕ್ಕದಲ್ಲಿ ಹೋಗಿದೆ.

ಡೇಟಾ ಎಂಜಿನಿಯರ್, ಮೈಸೂರು

ನಾನೂ ಕೇಳಬೇಕಿತ್ತು, ಬಿಟ್ಟುಬಿಟ್ಟೆ. ಈ ಟೇಬಲ್ ಅನ್ನು ಯಾರು ಯಾರು ಎಷ್ಟು ಹೊತ್ತಿಗೆ ಓದುತ್ತಾರೆ ಅನ್ನುವುದು ನೋಟ್‌ನ ಎರಡನೇ ಸಾಲೇ ಆಗಬೇಕಿತ್ತು. ಈಗ ಅದೇ ನೋಟ್‌ಗೆ ಉತ್ತರವಾಗಿ ಒಂದು ಸಾಲು ಹಾಕಿ: "6ರ ಆರ್ಡರ್ ಮೇಲ್ 10ರ ಲೆಕ್ಕದಲ್ಲಿ ಹೋಗಿದೆ, ರೀರನ್ ಆದ ಮೇಲೆ ಎಷ್ಟು ಅಂಗಡಿಗಳ ಆರ್ಡರ್ ಬದಲಾಗುತ್ತದೆ ಅಂತ ಪಟ್ಟಿ ಕೊಡುತ್ತೇನೆ." ಆರ್ಡರ್ ರದ್ದು ಮಾಡಿ ಅಂತ ನೀವಾಗಿ ಗೋಡೌನ್‌ಗೆ ಹೇಳಬೇಡಿ. ಅದು ಲೀಡ್ ತೀರ್ಮಾನ ಮಾಡಬೇಕಾದದ್ದು. ಲೋಡಿಂಗ್ ಎಷ್ಟಕ್ಕೆ ಶುರು?

ಕೇಳಿದವರು

11ಕ್ಕೆ. ಈಗ 10:20. 10:30ರ ತನಕ ಕಾಯುವುದಿಲ್ಲ, ಕೀ ಇದೆ ಅಂತ ನೋಡಿಕೊಂಡು ಈಗಲೇ ಓಡಿಸುತ್ತಿದ್ದೇನೆ. ಪಟ್ಟಿ ಆದ ಮೇಲೆ ಬರುತ್ತೇನೆ.