ಸಹಾಯ ಬೇಕು: ಅಸೆಂಬ್ಲಿಯಲ್ಲಿ ಈ 65 ಪರ್ಸೆಂಟ್ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ನಾನು 10ನೇ ಕ್ಲಾಸು, ಶಾಲೆಯ ಲೀಡರ್. ಸೋಮವಾರ ಅಸೆಂಬ್ಲಿಯಲ್ಲಿ ಕ್ಯಾಂಟೀನ್ ಸರ್ವೆ ಬಗ್ಗೆ ಎರಡು ನಿಮಿಷ ಮಾತಾಡಬೇಕು.

420 ಚೀಟಿ ಹಂಚಿದ್ದೆವು, ವಾಪಸ್ ಬಂದಿದ್ದು 180. "ನಾವು ಹೋಗುವಷ್ಟರಲ್ಲಿ ತಿಂಡಿ ಖಾಲಿ" ಅಂತ ಬರೆದವರು 117. ಅದಕ್ಕೇ ಭಾಷಣದಲ್ಲಿ "ನಮ್ಮ ಶಾಲೆಯ 65 ಪರ್ಸೆಂಟ್ ಮಕ್ಕಳಿಗೆ ತಿಂಡಿ ಸಿಗುತ್ತಿಲ್ಲ" ಅಂತ ಬರೆದೆ. ಗಣಿತದ ಮೇಡಂ ಅದನ್ನು ಕೆಂಪು ಪೆನ್ನಲ್ಲಿ ಹೊಡೆದು, "ಉಳಿದ 240 ಮಕ್ಕಳು ಏನಂದರು?" ಅಂತ ಬರೆದಿದ್ದಾರೆ.

ಚೀಟಿಗಳನ್ನು ಕ್ಲಾಸುವಾರು ಬೇರೆ ಮಾಡಿ ನೋಡಿದೆ. 9 ಮತ್ತು 10ನೇ ಕ್ಲಾಸಿನ 120 ಚೀಟಿಯಲ್ಲಿ 96 ಜನ ಖಾಲಿ ಅಂದಿದ್ದಾರೆ. ಚಿಕ್ಕ ಕ್ಲಾಸುಗಳ 60ರಲ್ಲಿ ಬರೀ 21. ಚಿಕ್ಕವರಿಗೆ ಹತ್ತು ನಿಮಿಷ ಮೊದಲೇ ಬೆಲ್ ಹೊಡೆಯುತ್ತೆ ಅಲ್ವಾ, ಪೂರಿ ಎಲ್ಲಾ ಅವರಿಗೇ!

"ಉತ್ತರ ಕೊಟ್ಟ 180ರಲ್ಲಿ 117" ಅಂತ ತಿದ್ದಿದೆ. ಆದರೂ ಕ್ಯಾಂಟೀನ್ ಅಂಕಲ್ ಕಡಿಮೆ ಮಾಡುತ್ತಾರೆ ಅನ್ನೋ ಹಾಗೇ ಕೇಳುತ್ತೆ. ಅವರೂ ಅಲ್ಲೇ ನಿಂತಿರುತ್ತಾರೆ. ಎರಡೂ ಗುಂಪಿನ ಲೆಕ್ಕ ಓದಿದರೆ 5ನೇ ಕ್ಲಾಸಿನವರಿಗೆ ತಲೆಬುಡ ಅರ್ಥವಾಗಲ್ಲ.

ಒಟ್ಟು ಲೆಕ್ಕ ಬಿಟ್ಟು, "ದೊಡ್ಡ ಕ್ಲಾಸಿನ ಹತ್ತರಲ್ಲಿ ಎಂಟು ಜನ" ಅಂತಷ್ಟೇ ಹೇಳಿದರೆ ಸರಿಯಾ, ಇಲ್ಲಾ ಅದೂ ಅರ್ಧ ಸತ್ಯ ಆಗುತ್ತಾ? ನೀವಾಗಿದ್ದರೆ ಮೊದಲ ವಾಕ್ಯ ಹೇಗೆ ಹೇಳುತ್ತಿದ್ದಿರಿ?